ಕಾಮಗಾರಿಯ ವ್ಯಾಪ್ತಿ, ಅವಧಿ ಮತ್ತು ವೆಚ್ಚ: 120 ಮೀಟರ್ ಕಾಂಕ್ರೀಟ್ ರಸ್ತೆಯೊಂದರ ಲೆಕ್ಕ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಕಾಮಗಾರಿಗಳ ವಿಷಯ ಬಂದಾಗ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. "ರಸ್ತೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆಯಿರಿ" ಎಂಬುದು ಒಂದು. "ಜಾತ್ರೆಯೊಳಗೆ ಮುಗಿಯಬೇಕು" ಎಂಬುದು ಇನ್ನೊಂದು. "ಇರುವ ಅನುದಾನದಲ್ಲೇ ಹೊಂದಿಸಿ" ಎಂಬುದು ಮೂರನೆಯದು. ಮೊದಲನೆಯದು ಕಾಮಗಾರಿಯ ವ್ಯಾಪ್ತಿಗೆ, ಎರಡನೆಯದು ಅವಧಿಗೆ, ಮೂರನೆಯದು ವೆಚ್ಚಕ್ಕೆ ಸಂಬಂಧಿಸಿದೆ. ಬಿಡಿಯಾಗಿ ನೋಡಿದರೆ ಮೂರೂ ನ್ಯಾಯವಾದ ಬೇಡಿಕೆಗಳೇ. ಆದರೆ ಮೂರನ್ನೂ ಒಂದೇ ಠರಾವಿನಲ್ಲಿ ಬರೆದುಕೊಂಡಾಗ ಅದರ ಭಾರವನ್ನು ಹೊರಬೇಕಾದುದು ಸಭೆಯಲ್ಲಿ ಯಾರೂ ಹೆಸರೆತ್ತದ ನಾಲ್ಕನೆಯ ಸಂಗತಿ, ಅಂದರೆ ಗುಣಮಟ್ಟ.

ಯೋಜನಾ ನಿರ್ವಹಣೆಯ ಪಾಠಗಳಲ್ಲಿ ಈ ಮೂರನ್ನು ಒಂದು ತ್ರಿಕೋನದ ಮೂರು ಬಾಹುಗಳಂತೆ ಚಿತ್ರಿಸುವುದು ವಾಡಿಕೆ. ಒಂದು ಬಾಹುವನ್ನು ಉದ್ದ ಮಾಡಿದರೆ ಉಳಿದ ಎರಡರಲ್ಲಿ ಒಂದಾದರೂ ಬದಲಾಗಲೇಬೇಕು. ಇಲ್ಲವಾದರೆ ತ್ರಿಕೋನ ಕೂಡುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಇದನ್ನು ಐದು ಅಂಕದ ಪ್ರಶ್ನೆಯೆಂದು ಓದಿ ಬರೆದು ಮರೆತಿದ್ದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಿ ಬಂದ ಮೊದಲ ವರ್ಷವೇ ಒಂದು ಬೀದಿಯ ಕಾಂಕ್ರೀಟ್ ರಸ್ತೆ ಅದನ್ನು ಮತ್ತೆ ಕಲಿಸಿತು. ಆ ರಸ್ತೆಯ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಓದಲು ಸುಲಭವಾಗಲೆಂದು ದರಗಳನ್ನು ದುಂಡು ಅಂಕೆಗಳಿಗೆ ತಂದು, ತೆರಿಗೆಗಳನ್ನೂ ಅದರಲ್ಲೇ ಸೇರಿಸಿದ್ದೇನೆ. ತಮ್ಮ ಪಂಚಾಯತಿಯ ಕಾಮಗಾರಿಗೆ ಚಾಲ್ತಿಯಲ್ಲಿರುವ ದರಪಟ್ಟಿಯೇ ಆಧಾರವಾಗಿರಬೇಕು.

ಮೂಲ ಅಂದಾಜು

ರಸ್ತೆಯ ಉದ್ದ 120 ಮೀಟರ್, ಅಗಲ 3 ಮೀಟರ್. ಮೊದಲು ನೆಲವನ್ನು 25 ಸೆಂಟಿಮೀಟರ್ ಅಗೆದು ಸಮಮಾಡುವುದು, ಅದರ ಮೇಲೆ 10 ಸೆಂಟಿಮೀಟರ್ ದಪ್ಪದ ಬೆಡ್ ಕಾಂಕ್ರೀಟ್, ಅದರ ಮೇಲೆ 15 ಸೆಂಟಿಮೀಟರ್ ದಪ್ಪದ ಎಂ-20 ದರ್ಜೆಯ ಕಾಂಕ್ರೀಟ್. ಲೆಕ್ಕ ಹಾಕಿದರೆ ಅಗೆತ 90 ಘನ ಮೀಟರ್, ಬೆಡ್ 36 ಘನ ಮೀಟರ್, ಮೇಲಿನ ಪದರ 54 ಘನ ಮೀಟರ್ ಆಗುತ್ತದೆ. ಅಗೆತಕ್ಕೆ ಘನ ಮೀಟರಿಗೆ 200 ರೂಪಾಯಿಯಂತೆ 18,000, ಬೆಡ್‌ಗೆ 5,000ದಂತೆ 1,80,000, ಮೇಲಿನ ಪದರಕ್ಕೆ 6,500ರಂತೆ 3,51,000 ರೂಪಾಯಿ. ಅಂಚಿನ ಪಟ್ಟಿ, ಜಾಯಿಂಟ್ ಕತ್ತರಿಸುವುದು, ಎರಡೂ ಪಕ್ಕದ ಮಣ್ಣು ತುಂಬುವುದು ಇತ್ಯಾದಿಗೆ 51,000. ಒಟ್ಟು 6,00,000 ರೂಪಾಯಿ. ಅಂದರೆ ಒಂದು ಮೀಟರ್ ರಸ್ತೆಗೆ 5,000 ರೂಪಾಯಿ. ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿಗೆ ಇಟ್ಟಿದ್ದ ಅನುದಾನವೂ ಅಷ್ಟೇ.

ಅವಧಿಯ ಲೆಕ್ಕವೂ ಅಷ್ಟೇ ಸರಳ. ಅಗೆತಕ್ಕೆ 4 ದಿನ, ಬೆಡ್ ಹಾಕಲು 3 ದಿನ, ಬೆಡ್ ಗಟ್ಟಿಯಾಗಲು 3 ದಿನ, ದಿನಕ್ಕೆ 24 ಮೀಟರಿನಂತೆ ಮೇಲಿನ ಪದರ ಹಾಕಲು 5 ದಿನ. ಇಲ್ಲಿಗೆ 15 ದಿನ. ನಂತರ ಕೊನೆಯ ತುಂಡು ಹಾಕಿದಂದಿನಿಂದ 28 ದಿನ ವಾಹನ ಬಿಡುವಂತಿಲ್ಲ. ಅದರಲ್ಲಿ ಮೊದಲ 14 ದಿನ ಕ್ಯೂರಿಂಗ್, ಅಂದರೆ ಮೇಲ್ಮೈ ಸದಾ ನೀರಿನಲ್ಲಿ ನೆನೆದಿರಬೇಕು. ಒಟ್ಟು 43 ದಿನ.

ವ್ಯಾಪ್ತಿ ಬದಲಾದಾಗ

ಅಗೆತ ಆರಂಭವಾದ ಮೂರನೆಯ ದಿನ ಆ ವಾರ್ಡಿನ ಸದಸ್ಯರು ಬಂದರು. ರಸ್ತೆ ನಿಲ್ಲುವ ಜಾಗದಿಂದ ಅಂಗನವಾಡಿಗೆ ಉಳಿಯುವುದು 30 ಮೀಟರ್ ಮಾತ್ರ, ಮಳೆಗಾಲದಲ್ಲಿ ಮಕ್ಕಳು ಅಷ್ಟು ದೂರವನ್ನು ಕೆಸರಿನಲ್ಲೇ ದಾಟಬೇಕಾಗುತ್ತದೆ, ಅಲ್ಲಿಗೂ ಎಳೆದುಬಿಡಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಂಗನವಾಡಿಯ ಬಾಗಿಲಿಗೆ 30 ಮೀಟರ್ ದೂರದಲ್ಲಿ ರಸ್ತೆ ನಿಲ್ಲಿಸಿದ ಅಂದಾಜಿನಲ್ಲೇ ದೋಷವಿತ್ತು. ಕ್ರಿಯಾ ಯೋಜನೆ ತಯಾರಿಸುವ ಮೊದಲು ಯಾರಾದರೂ ಟೇಪು ಹಿಡಿದು ಆ ಬೀದಿಯಲ್ಲಿ ನಡೆದಿದ್ದರೆ ಅದು ಆಗಲೇ ಕಾಣುತ್ತಿತ್ತು.

30 ಮೀಟರ್ ಎಂದರೆ ಮೂಲ ಉದ್ದದ ಕಾಲು ಭಾಗ. ಮೀಟರಿಗೆ 5,000ದಂತೆ 1,50,000 ರೂಪಾಯಿ ಹೆಚ್ಚು ಬೇಕು. ಕಾಂಕ್ರೀಟ್ ಹಾಕಲು ಒಂದೆರಡು ದಿನ, ಪರಿಷ್ಕೃತ ಅಂದಾಜು ಪಟ್ಟಿ ತಯಾರಾಗಿ ತಾಂತ್ರಿಕ ಮಂಜೂರಾತಿ ಸಿಗಲು ಹಲವು ವಾರ. ಹಣವೂ ಇರಲಿಲ್ಲ, ಕಾಯುವ ಮನಸ್ಸೂ ಯಾರಿಗೂ ಇರಲಿಲ್ಲ. ಆಗ ಗುತ್ತಿಗೆದಾರರು ಒಂದು ದಾರಿ ಹೇಳಿದರು: "ಅದೇ 54 ಘನ ಮೀಟರ್ ಕಾಂಕ್ರೀಟನ್ನೇ ಸ್ವಲ್ಪ ಹರಡಿಕೊಂಡರೆ ಆಯಿತು ಸಾರ್. ದಪ್ಪ ಮೂರು ಸೆಂಟಿಮೀಟರ್ ಕಡಿಮೆಯಾಗುತ್ತದೆ, ಅಷ್ಟೇ." ಬೆಡ್‌ಗೂ ಅದೇ ಉಪಾಯ. ಉದ್ದ 150 ಮೀಟರ್, ಅಗಲ 3 ಮೀಟರ್ ಎಂದಾಗ 54 ಘನ ಮೀಟರಿಗೆ ದಪ್ಪ 12 ಸೆಂಟಿಮೀಟರ್ ಬರುತ್ತದೆ. ನಾನು ಒಪ್ಪಿದೆ. ಕಾಂಕ್ರೀಟಿನ ಒಟ್ಟು ಪರಿಮಾಣ ಅಂದಾಜಿನಷ್ಟೇ ಇತ್ತು, ಖರ್ಚೂ ಅಂದಾಜಿನಷ್ಟೇ ಇತ್ತು. ಕಾಗದದ ಮೇಲೆ ಯಾರಿಗೂ ನಷ್ಟವಾಗಿರಲಿಲ್ಲ.

ಇಲ್ಲಿ ತಾವು ಗಮನಿಸಬೇಕಾದುದು ಆ ಮೂರು ಸೆಂಟಿಮೀಟರಿನ ಬೆಲೆ. ದಪ್ಪ ಐದರಲ್ಲಿ ಒಂದು ಭಾಗ ಕಡಿಮೆಯಾದರೆ ರಸ್ತೆಯ ಬಲವೂ ಐದರಲ್ಲಿ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಗಾಡಿಯ ಗಾಲಿ ಮೇಲೆ ಬಂದಾಗ ಕಾಂಕ್ರೀಟ್ ಹಲಗೆ ಬಾಗಲು ನೋಡುತ್ತದೆ. ಆ ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. 15ರ ವರ್ಗ 225, 12ರ ವರ್ಗ 144. ಅಂದರೆ 12 ಸೆಂಟಿಮೀಟರಿನ ಹಲಗೆಗೆ ಸ್ಥೂಲವಾಗಿ ಶೇಕಡ 64ರಷ್ಟು ಬಲ ಮಾತ್ರ ಉಳಿಯುತ್ತದೆ. ಉದ್ದವನ್ನು ಕಾಲು ಭಾಗ ಹೆಚ್ಚಿಸಲು ಹೋಗಿ ಬಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿದ್ದೆವು. ಮನೆಯ ಅಟ್ಟದ ಹಲಗೆಯನ್ನು ತೆಳುವಾಗಿ ಸೀಳಿಸಿದವರಿಗೆ ಇದು ಲೆಕ್ಕವಿಲ್ಲದೆಯೂ ಗೊತ್ತಿರುವ ಸಂಗತಿ.

ಆ ಬೀದಿಯಲ್ಲಿ ಬೈಕು, ಹಾಲಿನ ವಾಹನ ಓಡಾಡುವವರೆಗೆ ಏನೂ ತೊಂದರೆಯಾಗಲಿಲ್ಲ. ಕಬ್ಬು ಕಡಿಯುವ ಕಾಲ ಬಂದಾಗ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಅದೇ ದಾರಿ ಹಿಡಿದವು. ಮೊದಲು ಮೂಲೆಗಳು ಮುರಿದವು. ಮುರಿದ ಕಡೆ ಮಳೆನೀರು ಇಳಿದು ಕೆಳಗಿನ ಮಣ್ಣು ಕೊಚ್ಚಿತು. ಎರಡನೆಯ ಮಳೆಗಾಲದ ಹೊತ್ತಿಗೆ ಅಂಗನವಾಡಿಯ ಮುಂದಿನ ತುಂಡು, ಅಂದರೆ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆವೋ ಅದೇ ತುಂಡು, ಮತ್ತೆ ಕೆಸರಾಯಿತು. ಈ ಬಾರಿ ಕೆಸರಿನಲ್ಲಿ ಒಡೆದ ಕಾಂಕ್ರೀಟಿನ ಚೂಪು ಅಂಚುಗಳೂ ಇದ್ದವು. ಮಂಜೂರಾದ ಅಂದಾಜಿನಿಂದ ದಪ್ಪ ಬದಲಾಗಿದೆ ಎಂದು ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂತು. ಅದಕ್ಕೆ ಉತ್ತರ ಬರೆದವನೂ ನಾನೇ. ಬೀದಿಯ ಜನ ದೂರಿದ್ದು ಮಾತ್ರ ಆ ಸದಸ್ಯರನ್ನು. ರಸ್ತೆ ಉದ್ದವಾಗಲಿ ಎಂದು ಕೇಳಿದವರು ಅವರು, ತೆಳುವಾಗಲಿ ಎಂದು ಅವರು ಕೇಳಿರಲಿಲ್ಲ. ಎರಡೂ ಒಂದೇ ಎಂದು ಅವರಿಗೆ ಹೇಳಬೇಕಾದ ಕೆಲಸ ನನ್ನದಾಗಿತ್ತು.

ಅಂದು ನಮ್ಮ ಮುಂದೆ ಪ್ರಾಮಾಣಿಕವಾದ ಮೂರು ದಾರಿಗಳಿದ್ದವು. ಒಂದು, ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ 1,50,000 ರೂಪಾಯಿ ಕೊಟ್ಟು ಪರಿಷ್ಕೃತ ಅಂದಾಜಿಗೆ ಮಂಜೂರಾತಿ ಪಡೆಯುವುದು; ಆಗ ವೆಚ್ಚ ಮತ್ತು ಅವಧಿ ಎರಡೂ ಏರುತ್ತವೆ. ಎರಡು, 120 ಮೀಟರನ್ನು ಸರಿಯಾಗಿ ಮುಗಿಸಿ, ಉಳಿದ 30 ಮೀಟರನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸುವುದು. ದರ ಶೇಕಡ 8ರಷ್ಟು ಏರಿದರೆ 1,50,000ದ ಕೆಲಸಕ್ಕೆ 1,62,000 ಕೊಡಬೇಕಾಗುತ್ತದೆ, ಅಷ್ಟೇ. ಮೂರು, 120 ಮೀಟರನ್ನು ಅಂಗನವಾಡಿಯ ಕಡೆಯಿಂದ ಆರಂಭಿಸಿ, ಜನಸಂಚಾರ ಕಡಿಮೆ ಇರುವ ಇನ್ನೊಂದು ತುದಿಯ 30 ಮೀಟರನ್ನು ಈಗ ಬಿಡುವುದು. ಈ ಮೂರನೆಯದಕ್ಕೆ ಹಣ ಹೆಚ್ಚು ಬೇಕಿರಲಿಲ್ಲ, ಸ್ಥಳ ಬದಲಾವಣೆಗೆ ಸಭೆಯ ಒಪ್ಪಿಗೆ ಮತ್ತು ಅಭಿಯಂತರರ ಅನುಮೋದನೆ ಸಾಕಿತ್ತು. ಅದು ಅಂದು ಯಾರಿಗೂ ಹೊಳೆಯಲಿಲ್ಲ. ಇಂದಿಗೂ ನನಗೆ ಹೆಚ್ಚು ಬೇಸರ ತರಿಸುವುದು ಅದೇ.

ಅವಧಿ ಬದಲಾದಾಗ

ಈಗಿನ ಪಂಚಾಯತಿಯಲ್ಲಿ ಇಂತಹದೇ ಅಳತೆಯ ಇನ್ನೊಂದು ರಸ್ತೆಗೆ ಬೇರೆಯ ಒತ್ತಡ ಬಂತು. ಕಾರ್ಯಾದೇಶ ನೀಡುವ ಹೊತ್ತಿಗೆ ಊರಿನ ಜಾತ್ರೆಗೆ 25 ದಿನ ಉಳಿದಿತ್ತು. ತೇರು ಆ ಬೀದಿಯಲ್ಲೇ ಬರುವುದರಿಂದ ಅಷ್ಟರೊಳಗೆ ರಸ್ತೆ ಮುಗಿಯಬೇಕು ಎಂಬುದು ಸದಸ್ಯರ ಅಪೇಕ್ಷೆ. "ಆಳು ಹೆಚ್ಚು ಹಾಕಿಸಿ, ರಾತ್ರಿಯೂ ಕೆಲಸ ನಡೆಸಿ" ಎಂದರು.

ಆಳು ಹೆಚ್ಚು ಹಾಕಿದರೆ ಯಾವುದು ಬೇಗ ಮುಗಿಯುತ್ತದೆ ಎಂದು ಒಂದೊಂದಾಗಿ ನೋಡೋಣ. ಜೆಸಿಬಿ ತಂದರೆ 4 ದಿನದ ಅಗೆತ 2 ದಿನಕ್ಕೆ ಬರುತ್ತದೆ. ಬೆಡ್ ಹಾಕುವುದು 3ರಿಂದ 2 ದಿನಕ್ಕೆ, ಮೇಲಿನ ಪದರ 5ರಿಂದ 3 ದಿನಕ್ಕೆ ಇಳಿಯಬಹುದು. ಬೆಡ್ ಗಟ್ಟಿಯಾಗಲು ಬೇಕಾದ 3 ದಿನ ಹಾಗೆಯೇ ಇರುತ್ತದೆ. ಹೀಗೆ 15 ದಿನದ ಕೆಲಸ 10 ದಿನಕ್ಕೆ ಬಂತು. ಉಳಿಸಿದ್ದು 5 ದಿನ. ನಂತರದ 28 ದಿನವನ್ನು ನೂರು ಆಳು ಸೇರಿದರೂ ಒಂದು ದಿನವೂ ಕಡಿಮೆ ಮಾಡಲಾಗದು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ 7ನೆಯ ದಿನಕ್ಕೆ ಪೂರ್ಣ ಬಲದ ಸುಮಾರು ಮೂರನೇ ಎರಡು ಭಾಗ ಬರುತ್ತದೆ. 28ನೆಯ ದಿನದ ಬಲವನ್ನೇ ದರ್ಜೆಯ ಅಳತೆಯಾಗಿ ಹಿಡಿಯುತ್ತಾರೆ. ಎಂ-20 ಎಂಬುದರಲ್ಲಿರುವ 20 ಎಂದರೆ 28ನೆಯ ದಿನ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಭಾರ ತಾಳುವ ಕಾಂಕ್ರೀಟು ಎಂದರ್ಥ. ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟು ಮೊದಲ ವಾರಗಳಲ್ಲಿ ಇನ್ನೂ ನಿಧಾನ.

ಆದ್ದರಿಂದ 10 ದಿನದಲ್ಲಿ ಕೆಲಸ ಮುಗಿಸಿದರೂ ಜಾತ್ರೆಯ ದಿನ ಕೊನೆಯ ತುಂಡಿಗೆ 15 ದಿನ ವಯಸ್ಸಾಗಿರುತ್ತದೆ. ತೇರಿನ ಭಾರವೆಲ್ಲ ನಾಲ್ಕು ಗಾಲಿಗಳ ಮೇಲೆ, ಅದೂ ಅಗಲ ಕಡಿಮೆ ಇರುವ ಗಟ್ಟಿ ಗಾಲಿಗಳ ಮೇಲೆ ನಿಂತಿರುತ್ತದೆ. ತೇರು ತಿರುಗುವಲ್ಲಿ ಹಲಗೆಯ ಮೂಲೆಗಳಿಗೆ ಪೆಟ್ಟು ಹೆಚ್ಚು.

ಹಣ ಕೊಟ್ಟು ಸಮಯವನ್ನು ಕೊಳ್ಳಲು ಇಲ್ಲಿಯೂ ಒಂದು ಮಾರ್ಗವಿದೆ. ಎಂ-20ರ ಬದಲು ಎಂ-30 ಹಾಕಿದರೆ, ಎಂ-20 ಕಾಂಕ್ರೀಟು 28 ದಿನದಲ್ಲಿ ಗಳಿಸುವ ಬಲವನ್ನು ಅದು ಸುಮಾರು ಒಂದು ವಾರದಿಂದ ಎರಡು ವಾರದೊಳಗೆ ಗಳಿಸುತ್ತದೆ. ಆದರೆ ಸ್ಥಳದಲ್ಲಿ ಬಾಂಡಲಿ ಅಳತೆಯಲ್ಲಿ ಕಲಸುವ ಕಾಂಕ್ರೀಟಿಗೆ ಭಾರತೀಯ ಮಾನಕ 456ರ ಪ್ರಕಾರ ಎಂ-20ಯೇ ಮಿತಿ. ಅದಕ್ಕಿಂತ ಮೇಲಿನ ದರ್ಜೆಗೆ ಪ್ರಯೋಗಾಲಯದಲ್ಲಿ ಮಿಶ್ರಣ ನಿಗದಿಪಡಿಸಬೇಕು, ಘಟಕದಿಂದ ರೆಡಿಮಿಕ್ಸ್ ತರಿಸಬೇಕು. ನಮಗೆ ಸಿಕ್ಕ ಲೆಕ್ಕದಲ್ಲಿ ಅದಕ್ಕೆ ಘನ ಮೀಟರಿಗೆ 1,200 ರೂಪಾಯಿ ಹೆಚ್ಚು, 54 ಘನ ಮೀಟರಿಗೆ 64,800. ಜೆಸಿಬಿ ಮತ್ತು ಹೆಚ್ಚಿನ ಆಳಿನ ಖರ್ಚು ಸೇರಿ ಸುಮಾರು 75,000 ರೂಪಾಯಿ. ಆಗ ಮೀಟರಿಗೆ 5,000 ಇದ್ದುದು 5,625 ಆಗುತ್ತದೆ. 6,00,000 ರೂಪಾಯಿಗೆ 106 ಮೀಟರ್ ರಸ್ತೆ ಮಾತ್ರ ಬರುತ್ತದೆ.

ಸಭೆಯಲ್ಲಿ ಈ ಲೆಕ್ಕವನ್ನು ಹೀಗೆಯೇ ಇಟ್ಟೆ: "ಜಾತ್ರೆಗೆ ಮೊದಲು ಬೇಕಾದರೆ 14 ಮೀಟರ್ ಬಿಡಬೇಕು. ಯಾವ 14 ಮೀಟರ್ ಎಂಬುದನ್ನು ತಾವೇ ಹೇಳಿ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯ ಸದಸ್ಯರೊಬ್ಬರು, "ತೇರು ಇಷ್ಟು ವರ್ಷ ಮಣ್ಣಿನ ಬೀದಿಯಲ್ಲೇ ಬಂದಿದೆ, ಇದೊಂದು ವರ್ಷವೂ ಬರಲಿ. ಜಾತ್ರೆ ಮುಗಿದ ಮಾರನೆಯ ದಿನ ಅಗೆತ ಹಾಕಿಸಿ" ಎಂದರು. ಅವಧಿ ಸಡಿಲವಾದ ಕೂಡಲೇ ವೆಚ್ಚವೂ ಉದ್ದವೂ ತಮ್ಮ ಜಾಗದಲ್ಲಿ ಉಳಿದವು.

ಅವಧಿಯ ಒತ್ತಡವನ್ನು ಇಂತಹ ಲೆಕ್ಕದಿಂದ ಬಿಡಿಸದೆ ಸುಮ್ಮನೆ ಗುತ್ತಿಗೆದಾರರ ಮೇಲೆ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಮೊದಲು ಕೆಡುವುದು ನೀರು. ಕಾಂಕ್ರೀಟು ಬೇಗ ಹರಿಯಲಿ, ಮಟ್ಟ ಮಾಡುವುದು ಸುಲಭವಾಗಲಿ ಎಂದು ಮಿಕ್ಸರಿಗೆ ಒಂದೆರಡು ಬಕೆಟ್ ನೀರು ಹೆಚ್ಚು ಬೀಳುತ್ತದೆ. ಅದೇ ಮಾನಕದಲ್ಲಿ ಎಂ-20ಗೆ 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ 30 ಲೀಟರ್ ನೀರು ಮಿತಿ. ಹೆಚ್ಚಾದ ನೀರು ನಂತರ ಆವಿಯಾಗಿ ಸಣ್ಣ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಅಂತಹ ರಸ್ತೆಯ ಮೇಲ್ಮೈ ಒಂದೇ ವರ್ಷದಲ್ಲಿ ಪುಡಿಯೇಳುತ್ತದೆ. ಎರಡನೆಯದಾಗಿ ಜಾಯಿಂಟು ತಪ್ಪುತ್ತದೆ. ಸುಮಾರು 4 ಮೀಟರಿಗೊಂದರಂತೆ ಕಾಂಕ್ರೀಟಿನಲ್ಲಿ ಗೀರು ಕತ್ತರಿಸಬೇಕು. ಅದನ್ನು ಬಿಟ್ಟರೆ ಕಾಂಕ್ರೀಟು ಕುಗ್ಗುವಾಗ ತನಗೆ ಬೇಕಾದಲ್ಲಿ ಅಂಕುಡೊಂಕಾಗಿ ಬಿರುಕು ಬಿಡುತ್ತದೆ. ಮೂರನೆಯದಾಗಿ ಕ್ಯೂರಿಂಗ್ ನಾಲ್ಕೈದು ದಿನಕ್ಕೇ ನಿಲ್ಲುತ್ತದೆ.

ಕ್ಯೂರಿಂಗ್‌ನ ನೀರಿಗೂ ಲೆಕ್ಕವಿದೆ, ಅದನ್ನು ಅಂದಾಜಿನ ಸಮಯದಲ್ಲೇ ಕೇಳಬೇಕು. ನಮ್ಮ ರಸ್ತೆಯ ವಿಸ್ತೀರ್ಣ 360 ಚದರ ಮೀಟರ್. ಮಣ್ಣಿನ ಸಣ್ಣ ಬದು ಕಟ್ಟಿ 5 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಮೊದಲ ಸಲಕ್ಕೇ 18,000 ಲೀಟರ್ ಬೇಕು, ಅಂದರೆ 5,000 ಲೀಟರಿನ ಟ್ಯಾಂಕರ್ ನಾಲ್ಕು ಸಲ ಬರಬೇಕು. ಆವಿಯಾದ ಮತ್ತು ಸೋರಿದ ನೀರನ್ನು ಎರಡು ವಾರ ತುಂಬುತ್ತಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಓಡಿಸುವ ಊರಿನಲ್ಲಿ ಇದು ಆಗದ ಮಾತು. ಅಂತಹ ಕಡೆ ಗೋಣಿಚೀಲ ಅಥವಾ ಹುಲ್ಲು ಹೊದಿಸಿ ನೆನೆಸಿದರೆ ನೀರು ಬಹಳ ಕಡಿಮೆ ಸಾಕು. ಇಲ್ಲವಾದರೆ ಕಾಮಗಾರಿಯ ತಿಂಗಳನ್ನೇ ಬದಲಿಸಬೇಕು.

ಅನುದಾನ ಕಡಿಮೆಯಾದಾಗ

ಕೆಲವೊಮ್ಮೆ ವ್ಯಾಪ್ತಿಯೂ ಅವಧಿಯೂ ಸರಿಯಿದ್ದು ಅನುದಾನವೇ ಕಡಿಮೆ ಬರುತ್ತದೆ. 6,00,000ದ ಬದಲು 4,50,000 ಬಂದರೆ ಸಭೆಯಲ್ಲಿ ಸಾಮಾನ್ಯವಾಗಿ ಬರುವ ಸಲಹೆ, ಬೆಡ್ ಬಿಟ್ಟು ಮೇಲಿನ ಪದರ ಮಾತ್ರ ಹಾಕೋಣ ಎಂಬುದು. ಬೆಡ್‌ನ ವೆಚ್ಚ 1,80,000 ಆಗಿರುವುದರಿಂದ ಲೆಕ್ಕ ತಕ್ಷಣ ಕೂಡುತ್ತದೆ. ಉದ್ದ 120 ಮೀಟರೇ ಉಳಿಯುತ್ತದೆ, ಉದ್ಘಾಟನೆಯ ದಿನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಕಪ್ಪು ಮಣ್ಣಿನ ಊರುಗಳಲ್ಲಿ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬೆಡ್ ಇಲ್ಲದ ಹಲಗೆಗೆ ಕೆಳಗೆ ಕೆಲವು ಕಡೆ ಆಧಾರವೇ ಇಲ್ಲದಂತಾಗಿ, ಗಾಡಿ ಬಂದಾಗ ಮುರಿಯುತ್ತದೆ. ಇಂತಹ ಸಂದರ್ಭದಲ್ಲಿ ಉದ್ದವನ್ನು ಕಡಿಮೆ ಮಾಡುವುದೇ ಸರಿ. ಪೂರ್ಣ ಗುಣಮಟ್ಟದಲ್ಲಿ 4,50,000ಕ್ಕೆ 90 ಮೀಟರ್ ಬರುತ್ತದೆ. ಆ 90 ಮೀಟರ್ ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಮುಖ್ಯ: ಯಾರದೋ ಮನೆಯ ಬಾಗಿಲಲ್ಲಿ ನಿಂತರೆ ರಸ್ತೆಯ ಮೇಲಿನ ನೀರೆಲ್ಲ ಆ ಮನೆಗೆ ನುಗ್ಗುತ್ತದೆ. ಅಡ್ಡರಸ್ತೆಯಲ್ಲೋ ಚರಂಡಿ ಕೂಡುವಲ್ಲೋ ನಿಲ್ಲುವಂತೆ ನಾಲ್ಕೈದು ಮೀಟರ್ ಹಿಂದೆ ಮುಂದೆ ಮಾಡಿಕೊಳ್ಳಬೇಕು.

ಬದಲಾವಣೆ ಯಾವಾಗ ಕೇಳಬೇಕು

ಮೂರರಲ್ಲಿ ಯಾವುದನ್ನು ಬದಲಿಸಿದರೂ, ಬದಲಾವಣೆಯ ಬೆಲೆ ಅದನ್ನು ಕೇಳಿದ ದಿನವನ್ನು ಅವಲಂಬಿಸಿರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ನಳದ ಪೈಪು. ಜಲ ಜೀವನ್ ಮಿಷನ್ ಅಡಿಯಲ್ಲಿ ಮನೆಮನೆಗೆ ನಳ ಕೊಡಲು ಹೊಸ ಕಾಂಕ್ರೀಟ್ ರಸ್ತೆಗಳನ್ನು ಅಗೆದದ್ದನ್ನು ತಾವೆಲ್ಲ ಕಂಡಿದ್ದೀರಿ. ಬೀದಿಯ ಈ ಬದಿಯಿಂದ ಆ ಬದಿಗೆ ಪೈಪು ದಾಟಿಸಲು ಮುಂದೆ ಬೇಕಾಗಬಹುದು ಎಂದು ಬೆಡ್ ಹಾಕುವ ಮೊದಲೇ ಹೇಳಿದರೆ, ನಾಲ್ಕು ಮೀಟರಿನ ಖಾಲಿ ಪಿವಿಸಿ ಕೊಳವೆಯೊಂದನ್ನು ಅಡ್ಡಲಾಗಿ ಹೂತಿಟ್ಟರೆ ಮುಗಿಯಿತು. ಅದಕ್ಕೆ ಬೇಕಾದುದು ಒಂದೆರಡು ಗಂಟೆ. ಅದೇ ಮಾತು ಮೂರು ತಿಂಗಳ ನಂತರ ಬಂದರೆ ರಸ್ತೆ ಕತ್ತರಿಸುವ ಯಂತ್ರ ತರಬೇಕು, ಪೈಪು ಹಾಕಿ ಮತ್ತೆ ಕಾಂಕ್ರೀಟು ತುಂಬಬೇಕು, ಎರಡು ವಾರ ನೆನೆಸಬೇಕು. ಇಷ್ಟಾದರೂ ಹಳೆಯ ಮತ್ತು ಹೊಸ ಕಾಂಕ್ರೀಟಿನ ನಡುವಿನ ಬೆಸುಗೆ ಎಂದಿಗೂ ಒಂದಾಗುವುದಿಲ್ಲ. ಆದುದರಿಂದ ಅಂದಾಜು ಪಟ್ಟಿ ತಾಂತ್ರಿಕ ಮಂಜೂರಾತಿಗೆ ಹೋಗುವ ಮೊದಲು ವಾರ್ಡಿನ ಸದಸ್ಯರು, ಕಿರಿಯ ಅಭಿಯಂತರರು ಮತ್ತು ನೀರುಗಂಟಿ ಮೂವರೂ ಒಟ್ಟಿಗೆ ಆ ಬೀದಿಯಲ್ಲಿ ಒಮ್ಮೆ ನಡೆಯುವುದು ಒಳ್ಳೆಯದು. ಪೈಪು ಎಲ್ಲಿ ಹಾದಿದೆ ಎಂಬುದು ನಕ್ಷೆಗಿಂತ ನೀರುಗಂಟಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕಾಮಗಾರಿ ಆರಂಭವಾದ ಮೇಲೆ ಬದಲಾವಣೆ ಅನಿವಾರ್ಯವಾದರೆ ಬಾಯಿಮಾತಿನಲ್ಲಿ ಬಿಡಬಾರದು. ನಮ್ಮ ಪಂಚಾಯತಿಯಲ್ಲಿ ಈಗ ಇಂತಹ ಠರಾವುಗಳನ್ನು ಈ ರೀತಿ ಬರೆಯುತ್ತಿದ್ದೇವೆ: "ಸದರಿ ಕಾಮಗಾರಿಯ ಉದ್ದವನ್ನು 120 ಮೀಟರ್‌ನಿಂದ 150 ಮೀಟರ್‌ಗೆ ಹೆಚ್ಚಿಸಲು ತೀರ್ಮಾನಿಸಲಾಯಿತು. ಇದರಿಂದ ವೆಚ್ಚವು ರೂ. 1,50,000 ಹೆಚ್ಚಾಗುವುದು, ಸದರಿ ಮೊತ್ತವನ್ನು ಇಂತಹ ಲೆಕ್ಕಶೀರ್ಷಿಕೆಯಿಂದ ಭರಿಸುವುದು. ಪರಿಷ್ಕೃತ ಅಂದಾಜಿಗೆ ಮಂಜೂರಾತಿ ದೊರೆಯುವವರೆಗೆ ಹೆಚ್ಚುವರಿ ಭಾಗದ ಕೆಲಸ ಆರಂಭಿಸತಕ್ಕದ್ದಲ್ಲ. ಕಾಂಕ್ರೀಟಿನ ದಪ್ಪ ಹಾಗೂ ದರ್ಜೆಯಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ." ಕೊನೆಯ ವಾಕ್ಯವನ್ನು ಸೇರಿಸಿದ್ದು ನನ್ನ ಹಳೆಯ ಅನುಭವದಿಂದ. ಹಣದ ಮೂಲವನ್ನು ತುಂಬಲಾಗದೆ ಎಷ್ಟೋ ಬದಲಾವಣೆಗಳು ಆ ಎರಡನೆಯ ವಾಕ್ಯದಲ್ಲೇ ನಿಂತುಹೋಗುತ್ತವೆ, ಅದೂ ಒಳ್ಳೆಯದೇ.

ಸ್ಥಳದಲ್ಲಿ ತಾವೇ ನೋಡಬಹುದಾದುದು

ಗುಣಮಟ್ಟವನ್ನು ಯಾರೋ ಸದ್ದಿಲ್ಲದೆ ಕತ್ತರಿಸಿದ್ದಾರೆಯೇ ಎಂದು ತಿಳಿಯಲು ಎಂಜಿನಿಯರ್ ಆಗಿರಬೇಕಿಲ್ಲ. ಕಾಂಕ್ರೀಟು ಹಾಕುವ ದಿನ ಎರಡು ಅಂಚಿನ ಪಟ್ಟಿಗಳ ಮೇಲೆ ಅಡ್ಡಲಾಗಿ ದಾರ ಬಿಗಿದು ಹಿಡಿಸಿ, ದಾರದಿಂದ ಬೆಡ್‌ವರೆಗೆ ಸ್ಕೇಲು ಇಟ್ಟು ಎಡಕ್ಕೆ, ನಡುವೆ, ಬಲಕ್ಕೆ ಅಳೆಯಿರಿ. ಮೂರೂ ಕಡೆ 15 ಸೆಂಟಿಮೀಟರ್ ಬರಬೇಕು. ಅಂಚಿನಲ್ಲಿ ಸರಿಯಿದ್ದು ನಡುವೆ ಬೆಡ್ ಉಬ್ಬಿರುವುದು ಬಹಳ ಕಡೆ ಕಾಣುವ ದೋಷ. ಅಂಚನ್ನು ಮಾತ್ರ ನೋಡುವವರಿಗೆ ಅದು ತಿಳಿಯುವುದಿಲ್ಲ. ರಸ್ತೆಗೆ ನಡುವಿನಿಂದ ಪಕ್ಕಕ್ಕೆ ಇಳಿಜಾರು ಕೊಡುವ ವಿನ್ಯಾಸವಾದರೆ ನಡುವೆ ಎಷ್ಟು ಬರಬೇಕೆಂದು ಅಭಿಯಂತರರನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಸುಲಭ ದಾರಿ ಖಾಲಿ ಚೀಲ ಎಣಿಸುವುದು. ಸ್ಥಳದಲ್ಲಿ ಒಂದು, ಒಂದೂವರೆ, ಮೂರು ಎಂಬ ಪ್ರಮಾಣದಲ್ಲಿ ಕಲಸುವ ಎಂ-20 ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕು. 10 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ತುಂಡಿಗೆ ನಾಲ್ಕೂವರೆ ಘನ ಮೀಟರ್ ಕಾಂಕ್ರೀಟು, ಅಂದರೆ 36 ಚೀಲ. ಸಂಜೆ 20 ಮೀಟರ್ ರಸ್ತೆ ಮುಗಿದಿದ್ದು ಖಾಲಿ ಚೀಲ 72ರ ಆಸುಪಾಸಿನಲ್ಲಿದ್ದರೆ ಸರಿ. 58 ಇದ್ದರೆ ಒಂದೋ ದಪ್ಪ ಕಡಿಮೆಯಾಗಿದೆ, ಇಲ್ಲವೇ ಸಿಮೆಂಟು ಕಡಿಮೆಯಾಗಿದೆ. ಯಾವುದು ಎಂಬುದನ್ನು ದಾರ ಹಿಡಿದಾಗ ಸಿಕ್ಕ ಅಳತೆ ಹೇಳುತ್ತದೆ. ಬೆಡ್‌ಗೆ ಬಳಸಿದ ಚೀಲಗಳು ಈ ಎಣಿಕೆಯಲ್ಲಿ ಬೆರೆಯದಂತೆ ನೋಡಿಕೊಳ್ಳಬೇಕು. ರೆಡಿಮಿಕ್ಸ್ ಬಂದರೆ ಚೀಲಗಳಿರುವುದಿಲ್ಲ; ಆಗ ಲಾರಿಯ ಚೀಟಿಯಲ್ಲಿರುವ ಘನ ಮೀಟರನ್ನು ಕೂಡಿಸಿ, ಮುಗಿದ ಉದ್ದದೊಡನೆ ಹೋಲಿಸಬೇಕು. ವ್ಯತ್ಯಾಸ ಕಂಡರೆ ಕೆಲಸದವರೊಡನೆ ಜಗಳ ಬೇಡ. ಅಂದೇ ಕಿರಿಯ ಅಭಿಯಂತರರಿಗೆ ತಿಳಿಸಿದರೆ ಅಳತೆ ಪುಸ್ತಕದಲ್ಲಿ ನಮೂದಾಗುವ ಮೊದಲು ಪರಿಶೀಲನೆ ಸಾಧ್ಯ. ಬಿಲ್ಲು ಪಾವತಿಯಾದ ಮೇಲೆ ರಸ್ತೆ ಕೊರೆದು ಮಾದರಿ ತೆಗೆಯುವುದೊಂದೇ ದಾರಿ ಉಳಿಯುತ್ತದೆ.

ಜಾತ್ರೆಯ ಮಾರನೆಯ ದಿನ ಅಗೆತ ಆರಂಭಿಸಿದ ರಸ್ತೆ 46 ದಿನಕ್ಕೆ ಸಂಚಾರಕ್ಕೆ ತೆರೆಯಿತು. ಮೂರು ದಿನ ತಡವಾದದ್ದು ಮಳೆಗೆ. ಉದ್ದ 120 ಮೀಟರ್, ದಪ್ಪ 15 ಸೆಂಟಿಮೀಟರ್. ಎರಡು ಕಡೆ ಪೈಪಿಗೆ ಕೊಳವೆ ಹೂತಿದ್ದೇವೆ. ಮರುವರ್ಷ ತೇರು ಅದರ ಮೇಲೆಯೇ ಬಂತು. ಹಳೆಯ ಪಂಚಾಯತಿಯ ಅಂಗನವಾಡಿಯ ಮುಂದಿನ 30 ಮೀಟರನ್ನು ಒಡೆದು ಹೊಸದಾಗಿ ಹಾಕಲು ಅಲ್ಲಿನ ಈಗಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿದ್ದಾರೆ ಎಂದು ಕೇಳಿದೆ. ಹಳೆಯ ಕಾಂಕ್ರೀಟು ಒಡೆದು ಸಾಗಿಸುವ ಖರ್ಚು ಅಂದಾಜಿನ ಮೊದಲ ಸಾಲಿನಲ್ಲೇ ಇದೆಯಂತೆ.